ಮುಂದಿನ ಬಸ್ಸು ಎಷ್ಟೊತ್ತಿಗೆ?

ಪ್ರತಿ ವರ್ಷ ಪರೀಕ್ಷೆಗಳ ಕಾಲ ಬಂತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಿಂದ ಒಂದೇ ಪ್ರಶ್ನೆ ಬರುತ್ತದೆ. "ಸರ್, ಪರೀಕ್ಷೆ ಹುಬ್ಬಳ್ಳಿಯಲ್ಲಿ. ಬೆಳಿಗ್ಗೆ ಎಷ್ಟೊತ್ತಿಗೆ ಹೊರಟರೆ ಆಗುತ್ತೆ?" ಕೇಳುವವರು ಹಳಿಯಾಳದವರು, ದಾಂಡೇಲಿಯವರು, ಜೋಯಿಡಾದ ಆಚೆಯ ಹಳ್ಳಿಯವರು, ಒಮ್ಮೊಮ್ಮೆ ಮುಂಡಗೋಡದವರು. ನಾನು ಉತ್ತರ ಹೇಳುವ ಮೊದಲು ತಿರುಗಿ ಕೇಳುತ್ತೇನೆ: "ನಿಮ್ಮೂರಿನ ಬಸ್ಸು ತಪ್ಪಿದರೆ ಮುಂದಿನದು ಎಷ್ಟೊತ್ತಿಗೆ?" ಹೆಚ್ಚಿನವರಿಗೆ ಈ ಪ್ರಶ್ನೆ ವಿಚಿತ್ರ ಅನ್ನಿಸುತ್ತದೆ. ಎಪ್ಪತ್ತೈದು ಕಿಲೋಮೀಟರಿಗೆ ಎರಡು ಗಂಟೆ, ಮೇಲೆ ಅರ್ಧ ಗಂಟೆ ಇರಲಿ ಎಂದು ಅವರು ದೂರವನ್ನು ಲೆಕ್ಕ ಹಾಕಿಕೊಂಡಿರುತ್ತಾರೆ. ಆದರೆ ನಮ್ಮ ಸೀಮೆಯ ಜನ ಪರೀಕ್ಷೆಗೆ ಹೋಗಿಬಂದ ನೂರೈವತ್ತು ವರ್ಷಗಳ ದಾರಿಯನ್ನು ನೋಡಿದರೆ, ತಡವಾದವರನ್ನು ಸೋಲಿಸಿದ್ದು ದೂರಕ್ಕಿಂತ ಹೆಚ್ಚಾಗಿ ತಪ್ಪಿದ ಒಂದು ಗಾಡಿ ಮತ್ತು ಅದರ ಮುಂದಿನ ಗಾಡಿಯ ನಡುವಿನ ಅಂತರ.

ಉತ್ತರ ಕನ್ನಡ ಮೊದಲು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಅದನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದರು. ಅಲ್ಲಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ಹಳಿಯಾಳ, ಸೂಪಾ, ಮುಂಡಗೋಡಗಳಿಗೆ ದೊಡ್ಡ ಓದಿನ ಕೊನೆಯ ನಿಲ್ದಾಣ ಮುಂಬಯಿ. 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯವೇ ಮ್ಯಾಟ್ರಿಕ್ ಪರೀಕ್ಷೆ ನಡೆಸುತ್ತಿತ್ತು. ರೈಲು ಈ ಕಡೆ ಬಂದದ್ದು 1880ರ ದಶಕದಲ್ಲಿ, ಸದರ್ನ್ ಮರಾಠಾ ರೈಲ್ವೆಯ ಮೂಲಕ. ಅದಕ್ಕೂ ಮೊದಲು ಹೊರಟವನಿಗೆ ಪ್ರಯಾಣದ ಲೆಕ್ಕ ಗಂಟೆಗಳಲ್ಲಿ ಇರಲೇ ಇಲ್ಲ, ದಿನಗಳಲ್ಲಿತ್ತು. ಚಕ್ಕಡಿ ಗಂಟೆಗೆ ಮೂರೋ ನಾಲ್ಕೋ ಕಿಲೋಮೀಟರ್ ಹೋಗುತ್ತದೆ. ಎತ್ತಿಗೆ ನೀರು, ಮೇವು, ನೆರಳು ಬೇಕು. ಇಂಥ ದಾರಿಯಲ್ಲಿ ಒಂದೆರಡು ಗಂಟೆ ತಡವಾದರೆ ಯಾರೂ ಅದನ್ನು ತಡ ಎನ್ನುತ್ತಿರಲಿಲ್ಲ. ಮೊದಲೇ ಎರಡು ದಿನ ಕೈಯಲ್ಲಿಟ್ಟುಕೊಂಡೇ ಹೊರಡುತ್ತಿದ್ದರು.

ರೈಲು ಬಂದ ಮೇಲೆ ಗಡಿಯಾರ ಮುಖ್ಯವಾಯಿತು. ಆದರೆ ಯಾವ ಗಡಿಯಾರ? ಆಗ ಇಡೀ ದೇಶಕ್ಕೆ ಒಂದು ಸಮಯ ಇರಲಿಲ್ಲ. ರೈಲುಗಳು ಮದ್ರಾಸ್ ಸಮಯದಂತೆ ಓಡುತ್ತಿದ್ದವು, ಮುಂಬಯಿ ನಗರ ತನ್ನದೇ ಮುಂಬಯಿ ಸಮಯದಂತೆ ಬದುಕುತ್ತಿತ್ತು. ಎರಡರ ನಡುವಿನ ವ್ಯತ್ಯಾಸ ಅರ್ಧ ಗಂಟೆ, ಮದ್ರಾಸಿನದು ಮುಂದೆ. 1881ರಲ್ಲಿ ಮುಂಬಯಿ ಸರ್ಕಾರ ತನ್ನ ಕಚೇರಿಗಳಲ್ಲಿ ಮದ್ರಾಸ್ ಸಮಯವನ್ನು ತರಲು ಹೋಯಿತು. ಊರಿನ ಜನ ಒಪ್ಪಲಿಲ್ಲ. ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರದ ಗಡಿಯಾರ ಯಾವ ಸಮಯ ತೋರಿಸಬೇಕು ಎಂಬುದೂ ಆ ಜಗಳದೊಳಕ್ಕೆ ಬಂತು. ಎರಡು ವರ್ಷದಲ್ಲಿ ಸರ್ಕಾರ ಹಿಂದೆ ಸರಿಯಿತು.

ಪರೀಕ್ಷೆಗೆಂದು ಆ ಕಾಲದಲ್ಲಿ ಮುಂಬಯಿಯಲ್ಲಿ ಇಳಿದ ಹುಡುಗನನ್ನು ಊಹಿಸಿಕೊಳ್ಳಿ. ಅವನು ಸ್ಟೇಷನ್ನಿನ ಗಡಿಯಾರ ನೋಡಿಕೊಂಡು ನಡೆದರೆ ಪರೀಕ್ಷೆಯ ಜಾಗಕ್ಕೆ ಅರ್ಧ ಗಂಟೆ ಮೊದಲೇ ಮುಟ್ಟುತ್ತಾನೆ. ಹಾಗೆ ಪುಕ್ಕಟೆಯಾಗಿ ಅವನಿಗೆ ಅರ್ಧ ಗಂಟೆ ಸಿಕ್ಕಿತು. ಪರೀಕ್ಷೆ ಮುಗಿಸಿ ಊರಿನ ಗಡಿಯಾರ ನೋಡಿಕೊಂಡು ವಾಪಸು ರೈಲು ಹಿಡಿಯಲು ಹೋದರೆ, ರೈಲು ಹೋಗಿ ಅರ್ಧ ಗಂಟೆಯಾಗಿರುತ್ತದೆ. 1906ರ ಜನವರಿ 1ರಂದು ಭಾರತಕ್ಕೆಲ್ಲ ಒಂದೇ ಸಮಯ ಜಾರಿಗೆ ಬಂದ ಮೇಲೂ ಮುಂಬಯಿಯ ಹಲವು ಕಡೆ ಹಳೆಯ ಸಮಯ ದಶಕಗಳ ಕಾಲ ಉಳಿದಿತ್ತು. ಇಂದಿನ ಪ್ರವೇಶ ಪತ್ರದಲ್ಲಿ ವರದಿ ಮಾಡಿಕೊಳ್ಳುವ ಸಮಯ, ಗೇಟು ಮುಚ್ಚುವ ಸಮಯ, ಪರೀಕ್ಷೆ ಶುರುವಾಗುವ ಸಮಯ ಎಂದು ಮೂರು ಮೂರು ಸಮಯ ನೋಡಿ ಗಲಿಬಿಲಿಯಾಗುವ ನಮ್ಮ ಮಕ್ಕಳಿಗೆ ಈ ಕತೆ ಹೇಳುತ್ತೇನೆ. ಯಾವ ಗಡಿಯಾರಕ್ಕೆ ನಾವು ತಲುಪಬೇಕು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು. ಈಗಿನ ಕಾಲಕ್ಕೆ ಅದು ಗೇಟಿನ ಗಡಿಯಾರ. ಪರೀಕ್ಷೆ ಶುರುವಾಗುವ ಸಮಯವನ್ನು ಲೆಕ್ಕಕ್ಕೆ ಹಿಡಿಯಲೇಬಾರದು.

ನನ್ನ ಅಜ್ಜ ಮುಂಬಯಿ ನೋಡಲಿಲ್ಲ. ಮುಲ್ಕಿ ಪಾಸಾಗಿ, 1930ರ ದಶಕದಲ್ಲಿ ಮಾಸ್ತರಿಕೆಯ ತರಬೇತಿಗೆಂದು ಧಾರವಾಡದ ಟ್ರೇನಿಂಗ್ ಕಾಲೇಜಿನ ಕಡೆ ಹೊರಟವನು. ನಮ್ಮೂರಿಂದ ಧಾರವಾಡಕ್ಕೆ ಅವನ ಮುಂದೆ ಎರಡು ದಾರಿಗಳಿದ್ದವು. ನೇರ ಚಕ್ಕಡಿಯಲ್ಲಿ ಹೋದರೆ ಹಳಿಯಾಳದಿಂದಲೇ ಮೂವತ್ತೈದು ಕಿಲೋಮೀಟರ್, ಅಂದರೆ ಎತ್ತಿನ ಹತ್ತು ಗಂಟೆಯ ಕೆಲಸ, ವಿಶ್ರಾಂತಿ ಬೇರೆ. ಇಲ್ಲವೇ ಹದಿನಾಲ್ಕು ಕಿಲೋಮೀಟರ್ ದೂರದ ಅಳ್ನಾವರದವರೆಗೆ ಚಕ್ಕಡಿ, ಅಲ್ಲಿಂದ ರೈಲು. ರೈಲು ಜೋರಾಗಿ ಹೋಗುತ್ತದೆ ಎಂಬುದು ಯಾರಿಗೂ ಗೊತ್ತಿದ್ದ ಮಾತು. ಆದರೂ ಅವನ ಅಪ್ಪ ಚಕ್ಕಡಿಯ ದಾರಿಯನ್ನೇ ಆರಿಸಿದನಂತೆ. ಕಾರಣ ಅಜ್ಜ ಹೇಳುತ್ತಿದ್ದದ್ದು ಹೀಗೆ: "ಎತ್ತು ತಡಾ ಮಾಡಿದ್ರ ಹಿಂದಿಂದ ಬಾರಕೋಲು ಅದ. ರೈಲು ತಪ್ಪಿದ್ರ ಏನ್ ಮಾಡ್ತಿ? ಮರದಿನದ ತನಕ ಪ್ಲಾಟ್‌ಫಾರ್ಮಿನ್ಯಾಗ ಕುಂದ್ರಬೇಕು."

ಆ ಮಾತಿನ ತೂಕ ನನಗೆ ತಿಳಿದದ್ದು ಬಹಳ ತಡವಾಗಿ. ಚಕ್ಕಡಿ ನಿಧಾನ, ಆದರೆ ಅದು ತಪ್ಪುವುದಿಲ್ಲ. ತಡವಾದರೆ ಎಷ್ಟು ತಡವಾಗುತ್ತದೆ ಎಂಬ ಅಂದಾಜು ಕೈಯಲ್ಲೇ ಇರುತ್ತದೆ. ರೈಲು ವೇಗ, ಆದರೆ ಐದು ನಿಮಿಷ ತಪ್ಪಿದರೆ ಇಡೀ ದಿನ ತಪ್ಪುತ್ತದೆ. ಅಜ್ಜ ಧಾರವಾಡದಲ್ಲಿ ಎರಡು ರಾತ್ರಿ ಮೊದಲೇ ಹೋಗಿ ನೆಂಟರ ಮನೆಯ ಪಡಸಾಲೆಯಲ್ಲಿ ಮಲಗಿದ್ದ. ಹೋಗುವಾಗ ಅಕ್ಕಿ, ಬೆಲ್ಲ, ಸೌದೆಯ ಕಟ್ಟು ಸಹ ಒಯ್ದಿದ್ದ. ಆ ಎರಡು ರಾತ್ರಿಗಳೇ ಅವನ ಜತನ.

ಧಾರವಾಡದಲ್ಲಿ ಒಂದು ತಮಾಷೆಯಿದೆ. ನಮ್ಮ ಕಡೆಯ ಮೂರ್ನಾಲ್ಕು ತಲೆಮಾರು ಪ್ರವೇಶಕ್ಕೆ, ಪರೀಕ್ಷೆಗೆ ಎಂದು ಹೋದ ಕರ್ನಾಟಕ ಕಾಲೇಜಿನ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿತ್ತು. ಕಾಲೇಜು ಶುರುವಾದದ್ದು 1917ರಲ್ಲಿ. ರೈಲಿನ ವೇಳಾಪಟ್ಟಿ ಕೂಡಿಸುತ್ತಿದ್ದ ಕಂಪನಿಯ ಮನೆಯೊಳಗೆ, ರೈಲು ತಪ್ಪೀತೆಂದು ಹೆದರಿ ಬಂದ ಹುಡುಗರು ಪರೀಕ್ಷೆ ಬರೆದರು.

ಆಮೇಲೆ ಬಸ್ಸು ಬಂತು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಮುಂಬಯಿಯಿಂದ ಧಾರವಾಡಕ್ಕೆ ಬಂತು. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂದು ರಸ್ತೆಗಳು ಬಲವಾದವು. ಅಳ್ನಾವರದಿಂದ ದಾಂಡೇಲಿಗೆ ಮರ ಸಾಗಿಸಲು ಬ್ರಿಟಿಷರು ಹಾಕಿದ್ದ ರೈಲು ಹಳಿಯ ಮೇಲೆ ಪ್ರಯಾಣಿಕರ ಗಾಡಿ ನಿಂತುಹೋಯಿತು. 2019ರ ನವೆಂಬರಿನಲ್ಲಿ ದಾಂಡೇಲಿ ಪಕ್ಕದ ಅಂಬೇವಾಡಿಗೆ ಮತ್ತೆ ಶುರುವಾದ ಗಾಡಿಯೂ ಕೋವಿಡ್ ಬಂದೊಡನೆ ನಿಂತಿತು. ಹೀಗಾಗಿ ನಮ್ಮ ಪಾಲಿಗೆ ಪರೀಕ್ಷೆ ಎಂದರೆ ಬಸ್ಸು ಎಂದೇ ಅರ್ಥ.

ನಾನು ಸಿಇಟಿ ಬರೆದದ್ದು 1996ರಲ್ಲಿ. ರಾಜ್ಯದಲ್ಲಿ ಆ ಪರೀಕ್ಷೆ ಶುರುವಾಗಿ ಎರಡೇ ವರ್ಷವಾಗಿತ್ತು. ನನ್ನ ಕೇಂದ್ರ ಧಾರವಾಡ. ಅಪ್ಪ ಹಿಂದಿನ ದಿನವೇ ಹೋಗು ಎಂದ. ನನಗೆ ನಾಚಿಕೆ. ಹಳಿಯಾಳದಿಂದ ಬೆಳಿಗ್ಗೆ ಬಸ್ಸಿದೆ, ಒಂದೂಕಾಲು ಗಂಟೆಯ ದಾರಿ, ನೆಂಟರ ಮನೆಗೆ ಯಾಕೆ ಹೊರೆಯಾಗಬೇಕು ಎಂಬ ವಾದ. ಅಪ್ಪ ಅಜ್ಜನ ಮಾತನ್ನೇ ತಿರುಗಿಸಿ ಹೇಳಿದ: "ತಮ್ಮಾ, ಒಂದ್ ಬಸ್ ತಪ್ಪಿದ್ರೂ ಪರೀಕ್ಷಾ ತಪ್ಪಬಾರ್ದು. ಆ ಲೆಕ್ಕ ಕೂಡ್ತದೇನು ನೋಡು." ಕೂಡಲಿಲ್ಲ. ಮೊದಲ ಬಸ್ಸು ತಪ್ಪಿದರೆ ಎರಡನೆಯದು ಪರೀಕ್ಷೆ ಶುರುವಾದ ಮೇಲೆ ಮುಟ್ಟುತ್ತಿತ್ತು. ಮುನಿಸಿನಿಂದಲೇ ಹಿಂದಿನ ದಿನ ಹೋದೆ.

ನನ್ನ ಗೆಳೆಯ ಬೆಳಗಿನ ಬಸ್ಸಿಗೆ ಬಂದ. ಆ ರಾತ್ರಿ ಬೇಸಿಗೆಯ ಗುಡುಗು ಮಳೆ ಹೊಡೆದಿತ್ತು. ನಮ್ಮ ಕಡೆ ಮಳೆಗಾಲದ ಮಳೆಗಿಂತ ಈ ಅಡ್ಡಮಳೆಯ ಗಾಳಿಯೇ ಹೆಚ್ಚು ಮರ ಉರುಳಿಸುತ್ತದೆ. ಕಾಡಿನ ನಡುವೆ ರಸ್ತೆಗೆ ಅಡ್ಡಲಾಗಿ ಒಂದು ಮತ್ತಿ ಮರ ಬಿದ್ದಿತ್ತು. ಬಸ್ಸಿನವರೂ ಹಳ್ಳಿಯವರೂ ಕೂಡಿ ಕೊಡಲಿ ತಂದು ಕೊಂಬೆ ಕಡಿದು ದಾರಿ ಮಾಡಿದರು. ಬಸ್ಸು ಒಂದು ಗಂಟೆಗೂ ಹೆಚ್ಚು ನಿಂತಿತು. ಅವನು ಓಡುತ್ತ ಬಂದಾಗ ಮೊದಲ ಪತ್ರಿಕೆ ಶುರುವಾಗಿ ಮುಕ್ಕಾಲು ಗಂಟೆಯಾಗಿತ್ತು. ಒಳಗೆ ಬಿಡಲಿಲ್ಲ. ಮಧ್ಯಾಹ್ನದ ಪತ್ರಿಕೆ ಬರೆದ, ಆದರೆ ಒಂದು ವಿಷಯ ಇಲ್ಲದೆ ಎಂಜಿನಿಯರಿಂಗ್ ರ‍್ಯಾಂಕ್ ಎಲ್ಲಿಂದ ಬರಬೇಕು? ಮುಂದಿನ ವರ್ಷ ಬರೆಯುತ್ತೇನೆ ಅಂದ, ಮನೆಯ ಪರಿಸ್ಥಿತಿ ಬಿಡಲಿಲ್ಲ. ಈಗ ದಾಂಡೇಲಿಯಲ್ಲಿ ಅಂಗಡಿ ಇಟ್ಟಿದ್ದಾನೆ, ಚೆನ್ನಾಗಿದ್ದಾನೆ. ಆ ಮರದ ಮಾತನ್ನು ಮಾತ್ರ ನಾವಿಬ್ಬರೂ ತೆಗೆಯುವುದಿಲ್ಲ. ಲೆಕ್ಕಗಳಲ್ಲಿ ಅವನು ನನಗಿಂತ ಯಾವತ್ತೂ ಮುಂದಿದ್ದ.

ಇಷ್ಟೂ ನಡೆದದ್ದು ಬಸ್ಸಿನಲ್ಲಿ. ದೊಡ್ಡ ರೈಲಿನಲ್ಲಿ, ಹಿಂದಿನ ದಿನವೇ ಹೊರಟವರಿಗೂ ಹೀಗಾಗಬಹುದು ಎಂದು ರಾಜ್ಯಕ್ಕೆ ಗೊತ್ತಾದದ್ದು 2019ರ ಮೇ 5ರಂದು. ಅಂದು ಭಾನುವಾರ, ದೇಶದಾದ್ಯಂತ ನೀಟ್. ಪರೀಕ್ಷೆ ಮಧ್ಯಾಹ್ನ 2ಕ್ಕೆ, ಗೇಟು ಮುಚ್ಚುವುದು 1:30ಕ್ಕೆ. ಉತ್ತರ ಕರ್ನಾಟಕದ ನೂರಾರು ಮಕ್ಕಳು ಬೆಂಗಳೂರಿನ ಕೇಂದ್ರಗಳಿಗೆಂದು ಹಿಂದಿನ ಸಂಜೆ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ದರು. ಬೆಳಿಗ್ಗೆ 7ರ ಸುಮಾರಿಗೆ ಮುಟ್ಟಬೇಕಾದ ರೈಲು. ಮುಟ್ಟಿದರೆ ಗೇಟಿನವರೆಗೆ ಆರೂವರೆ ಗಂಟೆಯ ಜತನ. ಯಾವ ಅಪ್ಪನೂ ಇದನ್ನು ಕಡಿಮೆ ಅನ್ನಲಾರ. ಆದರೆ ಹಳಿ ಕೆಲಸದ ಕಾರಣ ರೈಲನ್ನು ಬೇರೆ ಮಾರ್ಗದಲ್ಲಿ ತಿರುಗಿಸಿದ್ದರು. ಸುಮಾರು ಏಳು ಗಂಟೆ ತಡವಾಗಿ ಅದು ಬೆಂಗಳೂರು ಸೇರಿದಾಗ ಗೇಟುಗಳು ಮುಚ್ಚಿದ್ದವು.

ಮಕ್ಕಳು ರೈಲಿನಿಂದಲೇ ಸಹಾಯ ಕೇಳಿದರು. ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿ ಕೇಂದ್ರಕ್ಕೆ ಮನವಿ ಮಾಡಿದರು, ಸಿದ್ದರಾಮಯ್ಯನವರೂ ದನಿಗೂಡಿಸಿದರು. ಮಾನವ ಸಂಪನ್ಮೂಲ ಸಚಿವ ಪ್ರಕಾಶ್ ಜಾವಡೇಕರ್ ಈ ಮಕ್ಕಳಿಗೆ ಇನ್ನೊಂದು ಅವಕಾಶ ಘೋಷಿಸಿದರು. ಫನಿ ಚಂಡಮಾರುತದಿಂದ ಪರೀಕ್ಷೆ ಮುಂದಕ್ಕೆ ಹೋಗಿದ್ದ ಒಡಿಶಾದವರ ಜೊತೆಗೆ ಮೇ 20ರಂದು ಇವರೂ ಬರೆದರು. ನೂರಾರು ಜನ ಒಂದೇ ರೈಲಿನಲ್ಲಿದ್ದರು ಎಂಬುದೇ ಅವರನ್ನು ಉಳಿಸಿತು. ಮರ ಬಿದ್ದ ಬಸ್ಸಿನಲ್ಲಿದ್ದವನು ಒಬ್ಬನೇ. ಅವನಿಗಾಗಿ ಯಾರು ಮರುಪರೀಕ್ಷೆ ಮಾಡುತ್ತಾರೆ?

ಆ ರೈಲಿನ ದಾರಿಯನ್ನು ನಕಾಶೆಯಲ್ಲಿ ನೋಡಬೇಕು. ಹಂಪಿ ಎಕ್ಸ್‌ಪ್ರೆಸ್ ಹುಬ್ಬಳ್ಳಿಯಿಂದ ಗದಗ, ಹೊಸಪೇಟೆ, ಬಳ್ಳಾರಿ, ಗುಂತಕಲ್ಲುಗಳನ್ನು ಸುತ್ತಿ ಬೆಂಗಳೂರಿಗೆ ಬರುತ್ತದೆ. ಕೊಪ್ಪಳ, ಬಳ್ಳಾರಿಯವರಿಗೆ ಅದು ಸಹಜ ಗಾಡಿ. ಹಳಿಯಾಳ, ಮುಂಡಗೋಡದವರು ಹುಬ್ಬಳ್ಳಿಗೆ ಬಂದು ಅದನ್ನೇ ಹತ್ತಿದರೆ ಬೇಡದ ಸುತ್ತು ಸುತ್ತಿದಂತೆ. ದಾವಣಗೆರೆ, ಅರಸೀಕೆರೆಯ ಮೇಲಿನ ನೇರ ದಾರಿಯಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ, ರಾತ್ರಿಯ ಬಸ್ಸುಗಳೂ ಇವೆ. ದಾರಿ ಉದ್ದವಾದಷ್ಟೂ ಕೆಡುವ ಜಾಗಗಳು ಹೆಚ್ಚು. ಇನ್ನೊಂದು ಮಾತು, ರೈಲು ತಡವಾಗುತ್ತಿದೆ ಎಂಬುದು ಬೆಂಗಳೂರಿಗೆ ಬಂದ ಮೇಲೆ ಗೊತ್ತಾಗುವ ಸಂಗತಿಯಲ್ಲ, ರಾತ್ರಿಯೇ ಗೊತ್ತಾಗುತ್ತಿರುತ್ತದೆ. ಆದ್ದರಿಂದ ಹತ್ತುವ ಮೊದಲೇ ಒಂದು ನಿಲ್ದಾಣವನ್ನು ಗುರುತು ಹಾಕಿಕೊಳ್ಳಬೇಕು. ಅಲ್ಲಿ ಇಳಿದು ಬಸ್ಸು ಹಿಡಿದರೂ ಗೇಟಿಗೆ ಮುಟ್ಟಬಹುದಾದ ಕೊನೆಯ ನಿಲ್ದಾಣ ಅದು. ಇಂತಿಷ್ಟು ಗಂಟೆಯೊಳಗೆ ರೈಲು ಅಲ್ಲಿಗೆ ಬರದಿದ್ದರೆ ಇಳಿಯುವುದು ಎಂದು ಮೊದಲೇ ನಿಶ್ಚಯಿಸಿರಬೇಕು. ಆ ಹೊತ್ತಿಗೆ ಯೋಚಿಸಲು ಕೂತರೆ, ಇನ್ನೇನು ಹೊರಡುತ್ತದೆ ಎಂಬ ಆಸೆಯೇ ಗೆಲ್ಲುತ್ತದೆ.

ಈಗ ನನ್ನ ವಿದ್ಯಾರ್ಥಿನಿಯೊಬ್ಬಳ ಲೆಕ್ಕ ಹೇಳುತ್ತೇನೆ. ಜೋಯಿಡಾದಿಂದಾಚೆಯ ಹಳ್ಳಿಯವಳು. ಸೂಪಾ ಊರು ಕಾಳಿಯ ಅಣೆಕಟ್ಟಿನಲ್ಲಿ ಮುಳುಗಿದ ಮೇಲೆ ಜೋಯಿಡಾ ತಾಲೂಕು ಕೇಂದ್ರವಾಯಿತಷ್ಟೇ, ಹಳ್ಳಿಗಳ ಬಸ್ಸು ಹೆಚ್ಚಾಗಲಿಲ್ಲ. ಅವಳ ಬ್ಯಾಂಕ್ ಪರೀಕ್ಷೆ ಹುಬ್ಬಳ್ಳಿಯಲ್ಲಿ, ಗೇಟು ಮುಚ್ಚುವುದು ಬೆಳಿಗ್ಗೆ 8:30ಕ್ಕೆ. ಗೇಟಿನಿಂದ ಹಿಂದಕ್ಕೆ ಎಣಿಸಿದೆವು. ಸಾಲು, ತಪಾಸಣೆ, ಚೀಲ ಇಡುವುದು, ಇದಕ್ಕೆಲ್ಲ ಒಂದು ಗಂಟೆ, ಅಂದರೆ 7:30ಕ್ಕೆ ಗೇಟಿನ ಮುಂದೆ. ಹುಬ್ಬಳ್ಳಿ ಬಸ್ ನಿಲ್ದಾಣದಿಂದ ಕೇಂದ್ರಕ್ಕೆ ಆಟೋದಲ್ಲಿ ಅರ್ಧ ಗಂಟೆ, ಅಂದರೆ 7ಕ್ಕೆ ಹುಬ್ಬಳ್ಳಿ. ದಾಂಡೇಲಿಯಿಂದ ಎರಡೂಕಾಲು ಗಂಟೆ, ಹಾಗಾದರೆ 4:45ಕ್ಕೆ ದಾಂಡೇಲಿ ಬಿಡಬೇಕು. ಆ ಬಸ್ಸು ತಪ್ಪಿದರೆ ಮುಂದಿನದಕ್ಕೆ ಒಂದು ಗಂಟೆ ಎಂದುಕೊಂಡರೆ 3:45. ಜೋಯಿಡಾದಿಂದ ದಾಂಡೇಲಿಗೆ ಇನ್ನೊಂದು ಗಂಟೆ. ಅಂದರೆ ನಡುರಾತ್ರಿ 2:45ಕ್ಕೆ ಜೋಯಿಡಾದಲ್ಲಿರಬೇಕು, ಹಳ್ಳಿಯಿಂದ ಅಲ್ಲಿಗೆ ಬರುವ ಬಸ್ಸೇ ಇಲ್ಲ.

ಹಾಗಾದರೆ ಹಿಂದಿನ ರಾತ್ರಿ ಎಲ್ಲಿ ಉಳಿಯಬೇಕು? ದಾಂಡೇಲಿಯಲ್ಲಿ ಪರಿಚಯದವರಿದ್ದಾರೆ ಎಂದಳು. ಬೇಡ ಅಂದೆ. ದಾಂಡೇಲಿಯಲ್ಲಿ ಮಲಗಿದರೂ ನಸುಕಿನ ವಿರಳ ಬಸ್ಸು, ಕಾಡಿನ ರಸ್ತೆ ಎರಡೂ ಅವಳ ಮುಂದೆಯೇ ಉಳಿಯುತ್ತವೆ. ಧಾರವಾಡಕ್ಕೆ ಹೋಗಿ ಮಲಗಿದರೆ ಎರಡನ್ನೂ ಹಿಂದಿನ ದಿನವೇ ದಾಟಿರುತ್ತಾಳೆ. ಧಾರವಾಡದಿಂದ ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರ್, ಚಿಗರಿ ಬಸ್ಸು ಒಂದು ತಪ್ಪಿದರೆ ಸ್ವಲ್ಪ ಹೊತ್ತಿಗೆ ಇನ್ನೊಂದು. ಅಲ್ಲಿ ಅರ್ಧ ಗಂಟೆಯ ಜತನ ಸಾಕು, ಹಳ್ಳಿಯ ಬಸ್ಸಿಗೆ ಅರ್ಧ ದಿನವೂ ಸಾಲದು. ಮುಂಡಗೋಡದವರಿಗೂ ಇದೇ ಮಾತು: ಮುಂಡಗೋಡದಿಂದ ಹುಬ್ಬಳ್ಳಿಯ ದಾರಿ ಅಷ್ಟು ಕಷ್ಟವಲ್ಲ, ಹಳ್ಳಿಯಿಂದ ಮುಂಡಗೋಡಕ್ಕೆ ಬರುವುದೇ ಕಷ್ಟ. ಕೇಂದ್ರದ ಹೆಸರನ್ನೂ ವಿಳಾಸ ಸಮೇತ ನೋಡಿಕೊ ಎಂದೆ. ಒಂದೇ ಸಂಸ್ಥೆಯ ಎರಡು ಕಾಲೇಜುಗಳು ಊರಿನ ಎರಡು ತುದಿಯಲ್ಲಿರುತ್ತವೆ, ತಪ್ಪು ಗೇಟಿನ ಮುಂದೆ ನಿಂತವರನ್ನು ನಾನು ಕಂಡಿದ್ದೇನೆ.

ಮಳೆಗಾಲದಲ್ಲಿ ಕಾರವಾರದ ಸಂದರ್ಶನಕ್ಕೆ ಕರೆ ಬಂದರೆ ಲೆಕ್ಕವೇ ಬೇರೆ. ಜಿಲ್ಲಾ ಕೇಂದ್ರ ಘಟ್ಟದ ಕೆಳಗೆ. ಒಂದು ದಾರಿ ಅಣಶಿ ಘಟ್ಟ, ಇನ್ನೊಂದು ಯಲ್ಲಾಪುರದ ಮೇಲೆ ಅರಬೈಲು ಘಟ್ಟ. ಒಂದು ಕೆಟ್ಟರೆ ಇನ್ನೊಂದಿದೆ ಎಂದು ಧೈರ್ಯ ಹೇಳುತ್ತಾರೆ. 2021ರ ಜುಲೈ ಮಳೆಗೆ ಎರಡೂ ಕಡೆ ಗುಡ್ಡ ಕುಸಿದವು. ಒಂದೇ ಮಳೆ ಎರಡೂ ಘಟ್ಟಗಳ ಮೇಲೆ ಸುರಿಯುವಾಗ ಎರಡನೆಯ ದಾರಿಯನ್ನು ಜತನ ಎಂದು ನಂಬಲಾಗದು. ಅಂಥ ವಾರದಲ್ಲಿ ಉಳಿಯುವುದು ಒಂದೇ, ಮಳೆಗೆ ಮೊದಲೇ ಘಟ್ಟ ಇಳಿದಿರುವುದು.

ಈ ಲೆಕ್ಕ ಕೇಳಿ ಅವಳು ಸುಮ್ಮನಾದಳು. ಆಮೇಲೆ ಮೆಲ್ಲಗೆ, "ಸರ್, ಒಬ್ಬಳನ್ನೇ ಕಳಿಸೋದಿಲ್ಲ, ಅಪ್ಪನೂ ಬರಬೇಕು" ಎಂದಳು. ಅಂದರೆ ಎರಡು ಟಿಕೇಟು, ಒಂದು ರಾತ್ರಿಯ ಕೋಣೆ, ಅಪ್ಪನ ಎರಡು ದಿನದ ಕೂಲಿ. ಹುಬ್ಬಳ್ಳಿಯ ಹುಡುಗಿಗೆ ಜತನ ಎಂದರೆ ಅರ್ಧ ಗಂಟೆ ಬೇಗ ಏಳುವುದು. ಇವಳಿಗೆ ಅದು ದುಡ್ಡು. ಅಜ್ಜ ಅಕ್ಕಿ, ಸೌದೆ ಹೊತ್ತು ತೆತ್ತದ್ದನ್ನು ಇವಳ ಅಪ್ಪ ಕೂಲಿ ಕಳೆದುಕೊಂಡು ತೆರುತ್ತಾನೆ. ಗೇಟು ಹತ್ತಿರವಾಗಿದೆ, ಗೇಟಿನ ಗಡಿಯಾರ ಬಿಗಿಯಾಗಿದೆ, ನಡುವಿನ ಖರ್ಚು ಮಾತ್ರ ಇಂದಿಗೂ ಹಳ್ಳಿಯ ಲೆಕ್ಕದಲ್ಲೇ ಇದೆ.

ಅವಳು ಹೋದಳು. ಧಾರವಾಡದಲ್ಲಿ ನಮ್ಮ ನೆಂಟರ ಮನೆ ಈಗಲೂ ಇದೆ, ಅಲ್ಲೇ ಅಪ್ಪ ಮಗಳಿಗೆ ಜಾಗ ಮಾಡಿಕೊಟ್ಟರು. ಬೆಳಿಗ್ಗೆ 7:20ಕ್ಕೆ ಫೋನು ಬಂತು. "ಸರ್, ಗೇಟಿನ ಮುಂದ ಇದ್ದೀವಿ. ಇನ್ನೂ ಗೇಟೇ ತೆಗೆದಿಲ್ಲ." ಹಿಂದಿನಿಂದ ಅವಳಪ್ಪ ಚಹಾ ಎಲ್ಲಿ ಸಿಗುತ್ತದೆ ಎಂದು ಯಾರನ್ನೋ ಕೇಳುತ್ತಿದ್ದ.